ಮೂಲ ವಿಳಾಸ ನಿಜಕ್ಕೂ ಬದಲಾಯಿತೇ? ಫೈಬರಿನಲ್ಲೂ ಹಾಟ್‌ಸ್ಪಾಟಿನಲ್ಲೂ ವಿಪಿಎನ್ ಪರೀಕ್ಷಿಸುವ ಬಗೆ

ನಮ್ಮ ಭಾವ ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದುಕೊಂಡೇ ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಆ ಕಂಪನಿಯ ಸರ್ವರ್ ಯಾರು ಬಂದರೂ ಬಾಗಿಲು ತೆಗೆಯುವುದಿಲ್ಲ. ಮೊದಲೇ ಬರೆಸಿಟ್ಟ ಐಪಿ ವಿಳಾಸದಿಂದ ಬಂದವರಿಗೆ ಮಾತ್ರ ಲಾಗಿನ್ ಪುಟ ತೋರಿಸುತ್ತದೆ. ಮನೆಯ ಫೈಬರಿನ ವಿಳಾಸ ಆಗಾಗ ಬದಲಾಗುವುದರಿಂದ ಅವನು ಮುಂಬಯಿಯಲ್ಲಿ ಒಂದು ಚಿಕ್ಕ ಸರ್ವರ್ ಬಾಡಿಗೆಗೆ ಹಿಡಿದು, ಅದರಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಸಿಕೊಂಡ. ಆ ಸರ್ವರಿನ ವಿಳಾಸವನ್ನು ಕಂಪನಿಯವರು ಪಟ್ಟಿಗೆ ಸೇರಿಸಿದರು. ತಿಂಗಳುಗಟ್ಟಲೆ ಒಂದು ತೊಂದರೆಯೂ ಇಲ್ಲದೆ ಕೆಲಸ ನಡೆಯಿತು.

ಜುಲೈ ಮಳೆಯಲ್ಲಿ ಒಂದು ಮಧ್ಯಾಹ್ನ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಸಂಜೆಯ ಹೊತ್ತಿಗೆ ಇನ್ವರ್ಟರ್ ಕೂಡ ಖಾಲಿಯಾಗಿ ಫೈಬರ್ ಡಬ್ಬಿ ಆರಿತು. ಭಾವ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪ್ ಜೋಡಿಸಿದ. ವೈರ್‌ಗಾರ್ಡ್ ಚಾಲೂ ಇದೆ ಎಂದೇ ತೋರಿಸುತ್ತಿತ್ತು. ಆದರೆ ಕಂಪನಿಯ ಪುಟ `403 Forbidden` ಎಂದು ಮುಖಕ್ಕೆ ಬಾಗಿಲು ಹಾಕಿತು. "ವಿಪಿಎನ್ ಆನ್ ಇದ್ದು ಮಾರಾಯಾ, ಆದ್ರೂ ಒಳಗೆ ಬಿಡ್ತಿಲ್ಲೆ" ಎಂದು ಫೋನ್ ಮಾಡಿದ. ಕಂಪನಿಯ ಸರ್ವರ್ ನೋಡಿಕೊಳ್ಳುವವರಿಂದ ಆ ಹೊತ್ತಿನ ಲಾಗ್ ಸಾಲು ತರಿಸು ಎಂದೆ. ಬಂದದ್ದು ಇದು (ವಿಳಾಸಗಳನ್ನು ಉದಾಹರಣೆಗೆಂದೇ ಮೀಸಲಿಟ್ಟವುಗಳಿಗೆ ಬದಲಿಸಿದ್ದೇನೆ):

```
2001:db8:4a1:77::c3 "GET /login HTTP/2.0" 403
```

ಅದು ಮುಂಬಯಿಯ ವಿಳಾಸ ಅಲ್ಲವೇ ಅಲ್ಲ. ಅವನ ಮೊಬೈಲ್ ಕಂಪನಿ ಕೊಟ್ಟ ವಿಳಾಸ. ವಿಪಿಎನ್ ನಿಂತಿರಲಿಲ್ಲ, ಕೆಟ್ಟಿರಲಿಲ್ಲ. ಆದರೂ ಅವನ ನಿಜವಾದ ಮೂಲ ವಿಳಾಸ ಎದುರಿನ ಸರ್ವರಿಗೆ ಕಾಣುತ್ತಿತ್ತು. ಕಂಪನಿಯ ಬಾಗಿಲು ಮುಚ್ಚಿದ್ದರಿಂದ ನಮಗೆ ಗೊತ್ತಾಯಿತು. ಬೇರೆ ಯಾವುದೇ ಜಾಲತಾಣವಾಗಿದ್ದರೆ ಸುಮ್ಮನೆ ತೆರೆದುಕೊಳ್ಳುತ್ತಿತ್ತು, ಸೋರಿಕೆ ವರ್ಷವಿಡೀ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಸಂಜೆಯೂ ಫೈಬರ್ ಮರಳಿದ ಮೇಲೂ ನಾವಿಬ್ಬರೂ ಫೋನಿನಲ್ಲೇ ಮಾಡಿದ ಪರೀಕ್ಷೆಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಉಬುಂಟು ಇತ್ತು. ಬೇರೆ ಕಡೆ ಎಲ್ಲಿ ವ್ಯತ್ಯಾಸವಾಗುತ್ತದೋ ಅಲ್ಲಿ ಹೇಳುತ್ತೇನೆ.

ವಿಳಾಸ ಬದಲಾಗುವುದು ಎಲ್ಲಿ

ನೀವು ಕಳಿಸುವ ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಎರಡು ವಿಳಾಸ ಇರುತ್ತವೆ: ಎಲ್ಲಿಂದ, ಎಲ್ಲಿಗೆ. ವಿಪಿಎನ್ ಆ ಇಡೀ ಪ್ಯಾಕೆಟ್ಟನ್ನು ಗೂಢಲಿಪಿಗೆ ತಿರುಗಿಸಿ ಇನ್ನೊಂದು ಲಕೋಟೆಯೊಳಗೆ ಹಾಕುತ್ತದೆ. ಹೊರಗಿನ ಲಕೋಟೆಯ ಮೇಲೆ "ಶಿರಸಿಯ ಮನೆಯಿಂದ ಮುಂಬಯಿಯ ಸರ್ವರಿಗೆ" ಎಂದಷ್ಟೇ ಇರುತ್ತದೆ. ಮುಂಬಯಿಯ ಸರ್ವರ್ ಅದನ್ನು ಒಡೆದು, ಒಳಗಿನ ಕಾಗದದ ಮೇಲೆ ಕಳಿಸಿದವರ ಜಾಗದಲ್ಲಿ ತನ್ನದೇ ವಿಳಾಸ ಬರೆದು ಮುಂದೆ ಕಳಿಸುತ್ತದೆ. ಆದ್ದರಿಂದ ಬೆಂಗಳೂರಿನ ಕಂಪನಿಗೆ ಕಾಣುವುದು ಮುಂಬಯಿಯ ವಿಳಾಸ.

ಇದರಲ್ಲಿ ಒಂದು ಷರತ್ತು ಅಡಗಿದೆ. ಪ್ಯಾಕೆಟ್ ಆ ಸುರಂಗದೊಳಗೆ ಹೋದರೆ ಮಾತ್ರ ವಿಳಾಸ ಬದಲಾಗುತ್ತದೆ. ಯಾವ ಪ್ಯಾಕೆಟ್ ಸುರಂಗಕ್ಕೆ, ಯಾವುದು ನೇರ ದಾರಿಗೆ ಎಂದು ತೀರ್ಮಾನಿಸುವುದು ನಿಮ್ಮ ಯಂತ್ರದ ರೂಟಿಂಗ್ ಪಟ್ಟಿ. ಪರದೆಯ ಮೇಲಿನ ಹಸಿರು ಗುರುತು ಸುರಂಗ ಇದೆ ಎಂದಷ್ಟೇ ಹೇಳುತ್ತದೆ, ಎಲ್ಲವೂ ಅದರೊಳಗೆ ಹೋಗುತ್ತಿದೆ ಎಂದು ಹೇಳುವುದಿಲ್ಲ.

ಹಂತ 1: ವಿಪಿಎನ್ ಆಫ್ ಮಾಡಿ ಎರಡೂ ವಿಳಾಸ ಬರೆದುಕೊಳ್ಳಿ

ಇಂದು ಜಾಲದಲ್ಲಿ ಎರಡು ಬಗೆಯ ವಿಳಾಸಗಳು ಜೊತೆಯಾಗಿ ನಡೆಯುತ್ತವೆ: ಹಳೆಯ ಐಪಿವಿ4, ಹೊಸ ಐಪಿವಿ6. ನಿಮ್ಮ ಬಳಿ ಎರಡೂ ಇದ್ದರೆ, ಎದುರಿನ ಸರ್ವರಿಗೂ ಎರಡೂ ಇದ್ದರೆ, ಬ್ರೌಸರ್ ಸಾಮಾನ್ಯವಾಗಿ ಐಪಿವಿ6ಕ್ಕೇ ಮೊದಲ ಆದ್ಯತೆ ಕೊಡುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. "ನನ್ನ ಐಪಿ ಯಾವುದು" ಎಂದು ತೋರಿಸುವ ಹಲವು ಪುಟಗಳು ಒಂದನ್ನೇ ತೋರಿಸಿ ಮುಗಿಸುತ್ತವೆ. ಅಲ್ಲೇ ಜನ ಮೋಸ ಹೋಗುವುದು. ಟರ್ಮಿನಲ್ಲಿನಲ್ಲಿ ಹೀಗೆ ಕೇಳಿ:

```
curl -4 https://icanhazip.com
curl -6 https://icanhazip.com
```

ವಿಂಡೋಸ್ 10 ಮತ್ತು 11ರಲ್ಲಿ ಇದನ್ನೇ `curl.exe` ಎಂದು ಬರೆದರೆ ನಡೆಯುತ್ತದೆ. ಮೊದಲು ಫೈಬರಿನಲ್ಲಿ ಕೇಳಿ, ಉತ್ತರ ಬರೆದುಕೊಳ್ಳಿ. ಆಮೇಲೆ ಹಾಟ್‌ಸ್ಪಾಟಿಗೆ ಬದಲಿಸಿ ಮತ್ತೆ ಕೇಳಿ. ಭಾವನ ಫೈಬರಿನಲ್ಲಿ ಮೊದಲ ಆಜ್ಞೆಗೆ `203.0.113.45` ಬಂದಿತ್ತು, ಎರಡನೆಯದಕ್ಕೆ ಸಂಪರ್ಕವೇ ಆಗಲಿಲ್ಲ, ಎಂದರೆ ಆ ಲೈನಿನಲ್ಲಿ ಐಪಿವಿ6 ಇಲ್ಲ. ಹಾಟ್‌ಸ್ಪಾಟಿನಲ್ಲಿ ಎರಡಕ್ಕೂ ಉತ್ತರ ಬಂತು. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ6 ವ್ಯಾಪಕವಾಗಿದೆ, ಹಾಗಾಗಿ ಕರಾವಳಿಯಲ್ಲಿ ಇರಲಿ ಘಟ್ಟದ ಮೇಲೆ ಇರಲಿ, ಹಾಟ್‌ಸ್ಪಾಟ್ ಹಚ್ಚಿದ ಕ್ಷಣ ಅದು ನಿಮ್ಮ ಲ್ಯಾಪ್‌ಟಾಪಿಗೂ ಬಂದಿರುವ ಸಾಧ್ಯತೆ ಹೆಚ್ಚು.

ಈ ಎರಡರಲ್ಲಿ ಐಪಿವಿ6 ವಿಳಾಸ ಸೋರುವುದೇ ಹೆಚ್ಚು ಹೇಳಿಕೊಡುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಮೊಬೈಲಿನ ಐಪಿವಿ4 ವಿಳಾಸವನ್ನು ಕಂಪನಿ ಸಾಮಾನ್ಯವಾಗಿ ಹಲವಾರು ಗ್ರಾಹಕರಿಗೆ ಒಟ್ಟಿಗೆ ಹಂಚಿರುತ್ತದೆ. ಐಪಿವಿ6ರಲ್ಲಿ ಹಾಗಿಲ್ಲ. ವಿಳಾಸದ ಮೊದಲರ್ಧ ಆ ಹೊತ್ತಿಗೆ ನಿಮ್ಮ ಒಂದು ಸಂಪರ್ಕಕ್ಕೇ ಕೊಟ್ಟದ್ದಾಗಿರುತ್ತದೆ. ಗುಂಪಿನಲ್ಲಿ ಮರೆಯಾಗುವ ಅವಕಾಶ ಅಲ್ಲಿಲ್ಲ.

ಹಂತ 2: ವಿಪಿಎನ್ ಹಚ್ಚಿ, ಎರಡೂ ಜಾಲದಲ್ಲಿ ಅದನ್ನೇ ಕೇಳಿ

ಫೈಬರಿನಲ್ಲಿ ವೈರ್‌ಗಾರ್ಡ್ ಹಚ್ಚಿದರೆ ಮೊದಲ ಆಜ್ಞೆಗೆ ಮುಂಬಯಿಯ `198.51.100.7` ಬರಬೇಕು. ಬರುತ್ತಿತ್ತು, ಭಾವ ಮೊದಲ ದಿನವೇ ಅದನ್ನು ನೋಡಿ ಸಮಾಧಾನಪಟ್ಟಿದ್ದ. ಹಾಟ್‌ಸ್ಪಾಟಿನಲ್ಲೂ ಐಪಿವಿ4ಕ್ಕೆ ಅದೇ ಉತ್ತರ ಬಂತು. ಆದರೆ `curl -6`ಗೆ ವಿಪಿಎನ್ ಆಫ್ ಇದ್ದಾಗ ಬಂದ ವಿಳಾಸವೇ, ಒಂದು ಅಂಕಿಯೂ ಬದಲಾಗದೆ, ಮತ್ತೆ ಬಂತು.

ಎರಡನೆಯ ಆಜ್ಞೆಗೆ ಮೂರು ಬಗೆಯ ಉತ್ತರ ಸಾಧ್ಯ. ವಿಪಿಎನ್ ಸರ್ವರಿನ ಐಪಿವಿ6 ವಿಳಾಸ ಬಂದರೆ ಸರಿ. ಸಂಪರ್ಕವೇ ಆಗದೆ ದೋಷ ಬಂದರೂ ಸರಿ, ಐಪಿವಿ6 ಹೊರಗೆ ಹೋಗುತ್ತಿಲ್ಲ ಎಂದು ಅರ್ಥ. ಹಂತ 1ರಲ್ಲಿ ಬರೆದುಕೊಂಡ ವಿಳಾಸವೇ ಬಂದರೆ ಸೋರಿಕೆ. ಅದಕ್ಕೇ ಮೊದಲು ಬರೆದುಕೊಳ್ಳಿ ಎಂದದ್ದು. ಹೋಲಿಸಲು ಹಳೆಯದು ಇಲ್ಲದಿದ್ದರೆ ಆ ಉದ್ದದ ಸಾಲನ್ನು ನೋಡಿ ಯಾರದ್ದೆಂದು ಹೇಳಲಾಗದು.

ಹೊರಗಿನ ಒಂದು ಐಪಿವಿ6 ವಿಳಾಸ ಕೊಟ್ಟು, ಅಲ್ಲಿಗೆ ಹೋಗುವ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ ಎಂದು ಲಿನಕ್ಸಿನಲ್ಲಿ ಯಂತ್ರವನ್ನೇ ಕೇಳಬಹುದು:

```
ip -6 route get 2606:4700:4700::1111
```

ಉತ್ತರದಲ್ಲಿ `dev` ಎಂಬ ಪದದ ಮುಂದೆ ಏನಿದೆ ನೋಡಿ. `dev wg0` ಎಂದಿದ್ದರೆ ಸುರಂಗ. ಭಾವನಲ್ಲಿ `dev wlp2s0` ಎಂದಿತ್ತು, ಅದು ವೈಫೈ ಕಾರ್ಡಿನ ಹೆಸರು. ಕಾರಣ ಸ್ಪಷ್ಟವಾಯಿತು.

ಹಂತ 3: ಒಂದು ಸಾಲಿನ ದೋಷ, ಎರಡು ಸಾಲಿನ ಪರಿಹಾರ

ಅವನ `wg0.conf` ಕಡತದಲ್ಲಿ ಹೀಗಿತ್ತು:

```
[Interface]
Address = 10.8.0.2/32

[Peer]
Endpoint = 198.51.100.7:51820
AllowedIPs = 0.0.0.0/0
```

ಕೀಲಿಗಳ ಸಾಲುಗಳನ್ನು ಬಿಟ್ಟಿದ್ದೇನೆ. `AllowedIPs` ಎನ್ನುವುದೇ ಯಾವ ವಿಳಾಸಗಳಿಗೆ ಹೋಗುವ ಪ್ಯಾಕೆಟ್ ಸುರಂಗಕ್ಕೆ ಬೀಳಬೇಕು ಎಂದು ಹೇಳುವ ಸಾಲು. `0.0.0.0/0` ಎಂದರೆ "ಎಲ್ಲವೂ" ಎಂದು ಜನ ಓದುತ್ತಾರೆ. ಅದು ಐಪಿವಿ4ರ ಎಲ್ಲವೂ ಮಾತ್ರ. ಐಪಿವಿ6ರ ಬಗ್ಗೆ ಕಡತ ಏನೂ ಹೇಳದೇ ಇದ್ದುದರಿಂದ ಯಂತ್ರ ಅದನ್ನು ಎಂದಿನ ದಾರಿಯಲ್ಲೇ ಕಳಿಸಿತು. ಫೈಬರಿನಲ್ಲಿ ಐಪಿವಿ6 ಇಲ್ಲದ್ದರಿಂದ ತೂತು ಇದ್ದರೂ ಸೋರಲು ಏನೂ ಇರಲಿಲ್ಲ. ಹಾಟ್‌ಸ್ಪಾಟ್ ಬಂದಾಗ ಸೋರಿತು. ಹೀಗೆ ತಿದ್ದಿದೆವು:

```
Address = 10.8.0.2/32, fd42:8::2/128
AllowedIPs = 0.0.0.0/0, ::/0
```

ಈಗ ಐಪಿವಿ6 ಕೂಡ ಸುರಂಗಕ್ಕೇ ಬೀಳುತ್ತದೆ. ಮುಂಬಯಿಯ ಸರ್ವರಿನಲ್ಲಿ ಅದನ್ನು ಮುಂದೆ ಕಳಿಸುವ ವ್ಯವಸ್ಥೆ ಮಾಡಿಲ್ಲ, ಹಾಗಾಗಿ ಅದು ಅಲ್ಲೇ ಬಿದ್ದುಹೋಗುತ್ತದೆ. ಬ್ರೌಸರ್ ತಾನಾಗಿಯೇ ಐಪಿವಿ4ಕ್ಕೆ ಬರುತ್ತದೆ. `sudo wg-quick down wg0`, ಆಮೇಲೆ `sudo wg-quick up wg0` ಮಾಡಿ ಹಂತ 2ನ್ನು ಮತ್ತೆ ನಡೆಸಿದೆವು. `curl -6` ಕಾದು ಕಾದು ಸೋತಿತು. ನಮಗೆ ಬೇಕಾದ ಉತ್ತರ ಅದೇ. ಕಂಪನಿಯ ಲಾಗಿನ್ ಪುಟ ತೆರೆಯಿತು.

ವಿಂಡೋಸಿನ ವೈರ್‌ಗಾರ್ಡ್ ಇಲ್ಲಿ ಸ್ವಲ್ಪ ಭಿನ್ನ. ಒಂದೇ ಪೀರ್ ಇದ್ದು `0.0.0.0/0` ಬರೆದಿದ್ದರೆ ಅದು ಸುರಂಗದ ಹೊರಗಿನ ಸಂಚಾರವನ್ನೇ ತಡೆಯುತ್ತದೆ. ಆದ್ದರಿಂದ ಅದೇ ಕಡತ ಗೆಳೆಯನ ವಿಂಡೋಸಿನಲ್ಲಿ ಸೋರದೆ ನಿಮ್ಮ ಲಿನಕ್ಸಿನಲ್ಲಿ ಸೋರಬಹುದು. ತಿಂಗಳ ಹಣ ಕೊಟ್ಟು ಬಳಸುವ ವಿಪಿಎನ್ ಆ್ಯಪ್‌ಗಳಲ್ಲಿ ಕಡತ ಕೈಗೆ ಸಿಗುವುದಿಲ್ಲ, ಆದರೆ ಹಂತ 1 ಮತ್ತು 2ರ ಪರೀಕ್ಷೆ ಅವಕ್ಕೂ ಹೀಗೆಯೇ ನಡೆಯುತ್ತದೆ.

ಹಂತ 4: ಹೆಸರು ಕೇಳುವವರು ಯಾರು

ವಿಳಾಸ ಸರಿಯಾದ ಮೇಲೂ ಉಳಿಯುವ ಇನ್ನೊಂದು ತೂತು ಡಿಎನ್ಎಸ್. ಜಾಲತಾಣದ ಹೆಸರು ಒತ್ತಿದ ತಕ್ಷಣ ಯಂತ್ರ ಮೊದಲು "ಈ ಹೆಸರಿನ ವಿಳಾಸವೇನು" ಎಂದು ಯಾರನ್ನೋ ಕೇಳುತ್ತದೆ. ಆ ಪ್ರಶ್ನೆ ಸುರಂಗದ ಹೊರಗೆ ಹೋದರೆ, ನೀವು ಯಾವ ಯಾವ ತಾಣಕ್ಕೆ ಹೋದಿರಿ ಎಂಬ ಪಟ್ಟಿ ನಿಮ್ಮ ಇಂಟರ್ನೆಟ್ ಕಂಪನಿಗೆ ಮೊದಲಿನಂತೆಯೇ ಸಿಗುತ್ತದೆ.

ಭಾವನ ಕಡತದಲ್ಲಿ `DNS` ಎಂಬ ಸಾಲೇ ಇಲ್ಲದ್ದನ್ನು ನೀವು ಗಮನಿಸಿರಬಹುದು. ಕೇಳಿದಾಗ ನೆನಪು ಮಾಡಿಕೊಂಡ: ಮೊದಲು ಇತ್ತು, `resolvconf: command not found` ಎಂದು ದೋಷ ಬಂದದ್ದರಿಂದ ಆ ಸಾಲನ್ನೇ ಅಳಿಸಿದ್ದ. ಬಹಳ ಜನ ಹೀಗೆಯೇ ಮಾಡುತ್ತಾರೆ, ದೋಷ ಹೋಗುತ್ತದೆ, ವಿಪಿಎನ್ ಹತ್ತುತ್ತದೆ. ಆದರೆ ಆಗ ಹೆಸರಿನ ಪ್ರಶ್ನೆ ಹೋಗುವುದು ಹಾಟ್‌ಸ್ಪಾಟ್ ಹಚ್ಚಿದ ಮೊಬೈಲಿಗೆ. ಅದು ಪಕ್ಕದಲ್ಲೇ ಇರುವ ಯಂತ್ರವಾದ್ದರಿಂದ ಅದಕ್ಕೆ ಸುರಂಗ ಬೇಕಿಲ್ಲ ಎಂದು ಲ್ಯಾಪ್‌ಟಾಪ್ ನೇರವಾಗಿ ಕಳಿಸುತ್ತದೆ. ಮೊಬೈಲ್ ಅದನ್ನು ತನ್ನ ಕಂಪನಿಗೆ ದಾಟಿಸುತ್ತದೆ. ಪರೀಕ್ಷೆ ಇದು:

```
nslookup -type=txt o-o.myaddr.l.google.com
```

ಗೂಗಲ್ಲಿನ ಡಿಎನ್ಎಸ್ ಸರ್ವರ್ ತನ್ನನ್ನು ಕೇಳಲು ಬಂದವರ ವಿಳಾಸವನ್ನೇ ಇದಕ್ಕೆ ಉತ್ತರವಾಗಿ ಕೊಡುತ್ತದೆ, ಅಂದರೆ ನಿಮ್ಮ ಪರವಾಗಿ ಹೆಸರು ಹುಡುಕಿದವರು ಯಾರು ಎಂದು ಗೊತ್ತಾಗುತ್ತದೆ. ವಿಪಿಎನ್ ಆರಿಸಿ ಒಮ್ಮೆ, ಹಚ್ಚಿ ಒಮ್ಮೆ ಕೇಳಿ. ಎರಡೂ ಸಲ ನಿಮ್ಮ ಇಂಟರ್ನೆಟ್ ಕಂಪನಿಗೆ ಸೇರಿದ ವಿಳಾಸವೇ ಬಂದರೆ ಪ್ರಶ್ನೆಗಳು ಹೊರಗಡೆ ಹೋಗುತ್ತಿವೆ. ನಾವು ಉಬುಂಟುವಿನಲ್ಲಿ `sudo apt install openresolv` ಮಾಡಿ, `[Interface]` ಕೆಳಗೆ `DNS = 1.1.1.1` ಎಂದು ಮರಳಿ ಬರೆದೆವು. ಈಗ ಆ ಪ್ರಶ್ನೆ ಸುರಂಗದೊಳಗಿಂದ ಹೋಗುತ್ತದೆ. ಮೊಬೈಲ್ ಕಂಪನಿಗೆ ಕಾಣುವುದಿಲ್ಲ, ಆದರೆ 1.1.1.1 ನಡೆಸುವ ಕ್ಲೌಡ್‌ಫ್ಲೇರ್‌ಗೆ ಕಾಣುತ್ತದೆ. ಯಾರಿಗಾದರೂ ಒಬ್ಬರಿಗೆ ಕಾಣಲೇಬೇಕು. ಯಾರಿಗೆ ಎಂದು ಆರಿಸುವುದಷ್ಟೇ ನಮ್ಮ ಕೈಯಲ್ಲಿದೆ.

ಫೋನಿನ ವಿಪಿಎನ್ ಲ್ಯಾಪ್‌ಟಾಪನ್ನು ಕಾಯುವುದಿಲ್ಲ

ನಡುವೆ ಭಾವ ಇನ್ನೊಂದು ಉಪಾಯ ಹೇಳಿದ: "ಫೋನಲ್ಲೇ ವಿಪಿಎನ್ ಹಾಕ್ತಿ, ಹಾಟ್‌ಸ್ಪಾಟಲ್ಲಿ ಬಪ್ಪದೆಲ್ಲ ಅದರೊಳಗೇ ಹೋಗ್ತಲ?" ಹಾಗೆ ಆಗುವುದಿಲ್ಲ. ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿ ವಿಪಿಎನ್ ಹಿಡಿಯುವುದು ಆ ಫೋನಿನ ಆ್ಯಪ್‌ಗಳ ಸಂಚಾರವನ್ನು. ಹಾಟ್‌ಸ್ಪಾಟಿಗೆ ಜೋಡಿಸಿದ ಲ್ಯಾಪ್‌ಟಾಪಿನ ಸಂಚಾರ ಅದರೊಳಗೆ ಹೋಗದೆ ನೇರ ಮೊಬೈಲ್ ಜಾಲಕ್ಕೆ ಇಳಿಯುತ್ತದೆ. ಐಫೋನಿನಲ್ಲೂ ಇದೇ ಕಥೆ. ನಂಬಿಕೆ ಬರದಿದ್ದರೆ ಫೋನಿನಲ್ಲಿ ವಿಪಿಎನ್ ಹಚ್ಚಿ, ಲ್ಯಾಪ್‌ಟಾಪಿನಲ್ಲಿ ಆರಿಸಿ, `curl -4` ಕೇಳಿ ನೋಡಿ. ಕಾರವಾರದ ಬೀಚಿನಲ್ಲಿ ಫೋನ್ ಹಿಡಿದು ಲ್ಯಾಪ್‌ಟಾಪಿನ ಕೆಲಸ ಮಾಡುವವರಿಗೂ ಇದೇ ಅನ್ವಯ. ಯಾವ ಯಂತ್ರದ ವಿಳಾಸ ಬದಲಾಗಬೇಕೋ ಆ ಯಂತ್ರದಲ್ಲೇ ವಿಪಿಎನ್ ಇರಬೇಕು.

ಆಂಡ್ರಾಯ್ಡ್ ಫೋನಿನಲ್ಲೇ ಬಳಸುವುದಾದರೆ ಸೆಟ್ಟಿಂಗ್‌ನಲ್ಲಿ ವಿಪಿಎನ್ ಹೆಸರಿನ ಪಕ್ಕದ ಚಕ್ರ ಒತ್ತಿ `Always-on VPN` ಮತ್ತು `Block connections without VPN` ಎರಡನ್ನೂ ಹಚ್ಚಿ. ಘಟ್ಟದ ದಾರಿಯಲ್ಲಿ ಸಿಗ್ನಲ್ ಹೋಗಿ ಬಂದು ಮಾಡುವಾಗ ಸುರಂಗ ಮತ್ತೆ ಕೂಡುವವರೆಗೆ ಆ್ಯಪ್‌ಗಳು ನೇರ ದಾರಿ ಹಿಡಿಯದಂತೆ ಎರಡನೆಯ ಆಯ್ಕೆ ತಡೆಯುತ್ತದೆ.

ಬ್ರೌಸರಿಗೆ ಸೇರಿಸುವ ವಿಪಿಎನ್ ಎಕ್ಸ್‌ಟೆನ್ಷನ್‌ಗಳೂ ಇದೇ ಜಾತಿಯ ಗೊಂದಲ ತರುತ್ತವೆ. ಅವು ಬ್ರೌಸರಿನ ಪುಟಗಳ ವಿಳಾಸವನ್ನಷ್ಟೇ ಬದಲಿಸುತ್ತವೆ. ಬ್ರೌಸರಿನಲ್ಲಿ icanhazip.com ಒಂದು ವಿಳಾಸ ತೋರಿಸಿ, ಟರ್ಮಿನಲ್ಲಿನ `curl -4` ಇನ್ನೊಂದನ್ನು ತೋರಿಸಿದರೆ ನಿಮ್ಮ ಬಳಿ ಇರುವುದು ಅಂಥದ್ದು. ಬ್ರೌಸರಿನೊಳಗೇ ನಡೆಯುವ ವಿಡಿಯೋ ಕರೆ ಕೂಡ ಅದರ ಹೊರಗಿಂದ ಹೋಗಿ ನಿಜ ವಿಳಾಸ ತೋರಿಸಬಹುದು.

ಎಲ್ಲ ತೂತು ಮುಚ್ಚಿದ ಮೇಲೂ ಕಾಣುವುದು

ಇಲ್ಲಿಯವರೆಗಿನದು ತಿದ್ದಬಹುದಾದ ದೋಷಗಳು. ಇನ್ನು ಮುಂದಿನದು ದೋಷವಲ್ಲ, ವಿಪಿಎನ್ ಮಾಡುವ ಕೆಲಸದ ಗಡಿ.

ಎದುರಿನ ಜಾಲತಾಣಕ್ಕೆ ನೀವು ಯಾರೆಂದು ಹೇಳಲು ವಿಳಾಸವೇ ಬೇಕಿಲ್ಲ. ನಿಮ್ಮ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಹೆಸರೇ ಅಲ್ಲಿದೆ. ನಿನ್ನೆ ಮನೆಯ ವಿಳಾಸದಿಂದ ಬಂದಾಗ ಇಟ್ಟ ಕುಕೀ ಇಂದು ಮುಂಬಯಿಯ ವಿಳಾಸದಿಂದ ಬಂದಾಗಲೂ ಬ್ರೌಸರ್ ತಾನೇ ಒಯ್ದು ಕೊಡುತ್ತದೆ, ಎರಡೂ ಒಬ್ಬರೇ ಎಂದು ಆ ತಾಣಕ್ಕೆ ಜೋಡಿಸಲು ಅಷ್ಟು ಸಾಕು. ಸಮಯವಲಯ ಕೂಡ ಹಾಗೆಯೇ. ಬ್ರೌಸರಿನಲ್ಲಿ F12 ಒತ್ತಿ ಕನ್ಸೋಲಿನಲ್ಲಿ ಇದನ್ನು ಬರೆಯಿರಿ:

```
new Date().getTimezoneOffset()
```

`-330` ಬರುತ್ತದೆ, ಅಂದರೆ ನಮ್ಮ ಐದೂವರೆ ಗಂಟೆಯ 330 ನಿಮಿಷ. ವಿಪಿಎನ್ ಸಿಂಗಾಪುರದ್ದಾದರೂ ಇದು ಬದಲಾಗುವುದಿಲ್ಲ, ಯಾವ ಪುಟ ಬೇಕಾದರೂ ಅನುಮತಿ ಕೇಳದೆ ಓದಬಹುದು. ಇನ್ನು ಸ್ಥಳದ ಅನುಮತಿ ಕೊಟ್ಟರಂತೂ ಮುಗಿಯಿತು. ಫೋನ್ ಜಿಪಿಎಸ್‌ನಿಂದ, ಲ್ಯಾಪ್‌ಟಾಪ್ ಸುತ್ತಲಿನ ವೈಫೈ ಡಬ್ಬಿಗಳ ಗುರುತುಗಳಿಂದ ಜಾಗ ಲೆಕ್ಕ ಹಾಕುತ್ತವೆ, ಐಪಿ ವಿಳಾಸದ ಗೊಡವೆಗೇ ಹೋಗುವುದಿಲ್ಲ. ಮುಂಬಯಿಯ ವಿಳಾಸ ಹೊತ್ತುಕೊಂಡೇ ನಕ್ಷೆಯಲ್ಲಿ ನಿಮ್ಮ ಅಡಿಕೆ ತೋಟದ ಅಂಚು ಕಾಣಿಸುತ್ತದೆ.

ಇಂಟರ್ನೆಟ್ ಕಂಪನಿಗೆ ನೀವು ಯಾವ ತಾಣಕ್ಕೆ ಹೋದಿರಿ ಎಂದು ಕಾಣುವುದು ನಿಲ್ಲುತ್ತದೆ. ಆದರೆ ಮುಂಬಯಿಯ ಆ ವಿಳಾಸಕ್ಕೆ ಎಷ್ಟು ಹೊತ್ತಿಗೆ ಜೋಡಿಸಿದಿರಿ, ಎಷ್ಟು ಡೇಟಾ ಹೋಗಿ ಬಂತು ಎಂಬುದು ಕಾಣುತ್ತಲೇ ಇರುತ್ತದೆ. ನೀವು ವಿಪಿಎನ್ ಬಳಸುತ್ತಿದ್ದೀರಿ ಎನ್ನುವುದು ಗುಟ್ಟಾಗಿ ಉಳಿಯುವುದಿಲ್ಲ. ಎಷ್ಟೋ ಸಲ 51820ನೇ ಯುಡಿಪಿ ಪೋರ್ಟೇ ವೈರ್‌ಗಾರ್ಡ್ ಎಂದು ಹೇಳಿಬಿಡುತ್ತದೆ.

ಇಂಟರ್ನೆಟ್ ಕಂಪನಿಗೆ ಮೊದಲು ಕಾಣುತ್ತಿದ್ದದ್ದು ಈಗ ವಿಪಿಎನ್ ನಡೆಸುವವರಿಗೆ ಕಾಣುತ್ತದೆ. ಎಚ್‌ಟಿಟಿಪಿಎಸ್ ಇರುವುದರಿಂದ ಪುಟದ ಒಳಗಿನ ಬರಹ, ಪಾಸ್‌ವರ್ಡ್ ಅವರಿಗೆ ಕಾಣುವುದಿಲ್ಲ. ಸಂಪರ್ಕ ಶುರುವಾಗುವಾಗ ತಾಣದ ಹೆಸರು ಮಾತ್ರ ಬಹುಪಾಲು ಬಯಲಾಗಿಯೇ ಹೋಗುತ್ತದೆ, ಅದು ಕಾಣುತ್ತದೆ. ಭಾರತದಲ್ಲಿ ಇದಕ್ಕೆ ಕಾನೂನಿನ ಮುಖವೂ ಇದೆ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ ಮತ್ತು ಬಾಡಿಗೆ ಸರ್ವರ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿಗಳ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು.

ಭಾವನಂತೆ ಸ್ವಂತಕ್ಕೆ ಸರ್ವರ್ ಹಿಡಿದವರು ಇನ್ನೊಂದನ್ನು ತಿಳಿದಿರಬೇಕು. ಸಾವಿರಾರು ಜನ ಬಳಸುವ ವಿಪಿಎನ್ನಿನಲ್ಲಿ ಒಂದು ವಿಳಾಸದ ಹಿಂದೆ ಹಲವರು ಇರುತ್ತಾರೆ. `198.51.100.7`ರ ಹಿಂದೆ ಇರುವವನು ಭಾವ ಒಬ್ಬನೇ, ಬಾಡಿಗೆಯ ಬಿಲ್ಲೂ ಅವನದೇ ಹೆಸರಿನಲ್ಲಿದೆ. ಮನೆಯ ವಿಳಾಸಕ್ಕಿಂತಲೂ ಇದು ಅವನನ್ನು ಗಟ್ಟಿಯಾಗಿ ಗುರುತಿಸುತ್ತದೆ, ಏಕೆಂದರೆ ಬದಲಾಗುವುದೇ ಇಲ್ಲ. ಅವನಿಗೆ ಬೇಕಾದದ್ದೂ ಅದೇ: ಕಂಪನಿಯ ಪಟ್ಟಿಯಲ್ಲಿ ನಿಲ್ಲುವ ಒಂದು ಸ್ಥಿರ ವಿಳಾಸ. ಆದ್ದರಿಂದ ಅವನಿಗೆ ಈ ವ್ಯವಸ್ಥೆ ಸರಿಯಾಗಿದೆ. ಗುರುತು ಸಿಗಬಾರದು ಎಂಬ ಉದ್ದೇಶ ಇರುವವರಿಗೆ ಇದೇ ವ್ಯವಸ್ಥೆ ಪೂರ್ತಿ ತಪ್ಪು.

ಮುಂದಿನ ವಾರ ಮತ್ತೆ ಕರೆಂಟು ಹೋದಾಗ ಭಾವ ಹಾಟ್‌ಸ್ಪಾಟ್ ಹಚ್ಚಿ, ಕಂಪನಿಯ ಪುಟ ತೆರೆಯುವ ಮೊದಲು ಎರಡು `curl` ಮತ್ತು ಒಂದು `nslookup` ನಡೆಸಿ ಫೋಟೋ ಕಳಿಸಿದ. ಐಪಿವಿ4ಕ್ಕೆ ಮುಂಬಯಿ, ಐಪಿವಿ6ಕ್ಕೆ ಸಂಪರ್ಕವಿಲ್ಲ, ಹೆಸರು ಹುಡುಕಿದ್ದು ಕ್ಲೌಡ್‌ಫ್ಲೇರ್. ಕಂಪನಿಯ ಆ ದಿನದ ಲಾಗಿನಲ್ಲಿ ಬೆಳಿಗ್ಗೆ ಫೈಬರಿನಿಂದ ಹೋದ ಸಾಲಿಗೂ ಸಂಜೆ ಮೊಬೈಲಿನಿಂದ ಹೋದ ಸಾಲಿಗೂ ಮುಂದೆ ಇದ್ದದ್ದು ಒಂದೇ ವಿಳಾಸ.